ಅಕ್ಷರ ಯಾವುದು, ಕಲೆ ಯಾವುದು
(ಅಮರಗೋಳದಲ್ಲಿ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಇವತ್ತು ವಚನದ ಅರ್ಥ ಹೇಳಲಿಕ್ಕೆ ನಾನು ನಿಂತಿಲ್ಲ. ಅದನ್ನು ಹೇಳುವ ಹಿರಿಯರು ವೇದಿಕೆಯ ಮೇಲೆ ಕೂತಿದ್ದಾರೆ. ಹಳೆಯ ಕೈಬರಹದ ಹಾಳೆಯ ಮೇಲೆ ಕಾಣುವ ಗುರುತುಗಳಲ್ಲಿ ಬರೆದವರ ಅಕ್ಷರ ಎಷ್ಟು, ಆಮೇಲೆ ಬಿದ್ದ ಕಲೆ ಎಷ್ಟು, ಅದನ್ನು ಹೇಗೆ ಬೇರೆ ಮಾಡಬೇಕು ಎಂಬುದಷ್ಟೇ ನನ್ನ ಮಾತು. ದಾಸೋಹದ ಹಳೆಯ ವಹಿಯಲ್ಲಿರುವ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಕೆಲಸ ನಡೆದದ್ದು ನಿಮಗೆ ಗೊತ್ತಿದೆ. ಆ ವಹಿಯನ್ನು ಓದಿ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿಯ ಒಂದೇ ಒಂದು ಸಾಲಿನ ಬಗ್ಗೆ ಎರಡು ಮನೆತನಗಳವರು ಕೇಳಿದ ಪ್ರಶ್ನೆಗೆ ಎಲ್ಲರ ಮುಂದೆ ಉತ್ತರ ಕೊಡಬೇಕು ಎಂದು ಸಮಿತಿಯವರು ಹೇಳಿದ್ದರಿಂದ ಈ ಮಾತು.

ಮೊದಲು ತಾಳೆಗರಿಯಿಂದ ಶುರು ಮಾಡುತ್ತೇನೆ. ತಾಳೆಗರಿಯ ಮೇಲೆ ನಮ್ಮ ಹಿರಿಯರು ಮಸಿಯಿಂದ ಬರೆಯುತ್ತಿರಲಿಲ್ಲ. ಕಂಠದ ಮೊನೆಯಿಂದ ಗರಿಯನ್ನು ಕೊರೆಯುತ್ತಿದ್ದರು. ಕೊರೆದ ಮೇಲೆ ಕಾಡಿಗೆ ಕಲಸಿದ ಎಣ್ಣೆಯನ್ನು ಗರಿಗೆಲ್ಲ ಹಚ್ಚಿ ಬಟ್ಟೆಯಿಂದ ಒರೆಸುತ್ತಿದ್ದರು. ಮೇಲಿನ ಕಪ್ಪು ಬಟ್ಟೆಗೆ ಬರುತ್ತಿತ್ತು, ಗೀರಿನೊಳಗಿನ ಕಪ್ಪು ಉಳಿಯುತ್ತಿತ್ತು. ಅಂದರೆ ಗರಿಯಲ್ಲಿ ಅಕ್ಷರವೆಂದರೆ ಗೀರು, ಕಪ್ಪು ಅದನ್ನು ಕಾಣಿಸುವ ಸಾಧನ ಮಾತ್ರ. ಕಪ್ಪು ಹೋಗಿದ್ದರೆ ಮತ್ತೆ ಹಚ್ಚಿ ಓದಬಹುದು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡಿದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕೂಡಿಸಿದ್ದು ಇಂಥ ಗರಿಗಳನ್ನು. 1923ರಲ್ಲಿ ವಚನಶಾಸ್ತ್ರಸಾರ ಅಚ್ಚಾಗುವ ಮುಂಚೆ ಆ ಗರಿಯೊಳಗಿನ ಮಾತು ಕೈಯಿಂದ ಕಾಗದಕ್ಕೆ ಇಳಿಯಬೇಕಾಯಿತು. ಕಾಗದಕ್ಕೆ ಇಳಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಕಾಗದದ ಮೇಲೆ ಶಾಯಿಯೇ ಅಕ್ಷರ. ಶಾಯಿ ಹರಡಿದರೆ ಅಕ್ಷರವೇ ಹರಡಿತು, ಒರೆಸಿದರೆ ಅಕ್ಷರವೇ ಹೋಯಿತು.

ಪೆನ್ಸಿಲ್ ಮಾತ್ರ ಇವೆರಡರ ನಡುವೆ ನಿಲ್ಲುತ್ತದೆ. ಅದು ಕಾಗದದ ಮೇಲೆ ಕಪ್ಪನ್ನೂ ಬಿಡುತ್ತದೆ, ಒತ್ತಿದ ಕಡೆ ಸಣ್ಣ ತಗ್ಗನ್ನೂ ಮಾಡುತ್ತದೆ. ಕೈ ತಾಗಿ ಕಪ್ಪು ಸವರಿಹೋದರೂ ತಗ್ಗು ಹೋಗುವುದಿಲ್ಲ. ಕೋಣೆಯ ದೀಪ ಆರಿಸಿ, ಬ್ಯಾಟರಿಯನ್ನು ಹಾಳೆಯ ಪಕ್ಕಕ್ಕೆ ಹಾಳೆಯ ಮಟ್ಟದಲ್ಲೇ ಹಿಡಿದು ಓರೆಯಾಗಿ ಬೆಳಕು ಬಿಡಿರಿ. ಉಳುಮೆ ಮಾಡಿದ ಹೊಲ ಸಂಜೆ ಬಿಸಿಲಿನಲ್ಲಿ ಹೇಗೆ ಸಾಲು ಸಾಲು ಕಾಣುತ್ತದೆಯೋ ಹಾಗೆ ಆ ತಗ್ಗುಗಳು ನೆರಳು ಹಿಡಿದು ಕಾಣುತ್ತವೆ. ತಗ್ಗಿದ್ದರೆ ಅಲ್ಲಿ ಪೆನ್ಸಿಲ್ ಓಡಿದೆ. ಬರೀ ಬೂದುಬಣ್ಣವಿದ್ದು ತಗ್ಗಿಲ್ಲದಿದ್ದರೆ ಅದು ಬೆರಳಿನ ಕೆಲಸ. ಬೆಳಕನ್ನು ಒಂದೇ ಕಡೆಯಿಂದ ಬಿಟ್ಟರೆ ಸಾಲದು, ನಾಲ್ಕೂ ಕಡೆಯಿಂದ ಬಿಡಬೇಕು. ಬೆಳಕು ಬಂದ ದಿಕ್ಕಿಗೇ ಓಡುವ ಗೀರು ನೆರಳು ಹಿಡಿಯುವುದಿಲ್ಲ.

ನಮ್ಮ ವಹಿಯಲ್ಲಿ ಇನ್ನೊಂದು ಬಗೆಯ ಪೆನ್ಸಿಲ್ ಇದೆ. ಇಲ್ಲಿ ಕೂತ ಎಪ್ಪತ್ತು ದಾಟಿದವರಿಗೆ ಅದು ನೆನಪಿರಬೇಕು. ಕಾಪಿಂಗ್ ಪೆನ್ಸಿಲ್ ಅನ್ನುತ್ತಿದ್ದರು. ಬರೆಯುವಾಗ ಬೂದು, ನೀರು ತಾಗಿದರೆ ನೇರಳೆ. ಅದರ ಕಡ್ಡಿಯಲ್ಲಿ ಸೀಸದಂಥ ಗ್ರಾಫೈಟಿನ ಜೊತೆ ನೀರಿನಲ್ಲಿ ಕರಗುವ ನೇರಳೆ ಬಣ್ಣವನ್ನು ಕಲಸಿರುತ್ತಾರೆ. ಅಂಗಡಿಯವರು, ಪೋಸ್ಟಿನವರು ಅದರ ಮೊನೆಯನ್ನು ನಾಲಿಗೆಗೆ ತಾಗಿಸಿ ಬರೆಯುತ್ತಿದ್ದರು, ತುಟಿಯೂ ನೇರಳೆಯಾಗುತ್ತಿತ್ತು. ಈ ವಹಿ ಬರೆದವರೂ ಹಾಗೇ ಮಾಡಿದ್ದಾರೆ. ಮೂರು ನಾಲ್ಕು ಶಬ್ದಕ್ಕೊಮ್ಮೆ ಅಕ್ಷರ ದಟ್ಟ ನೇರಳೆಯಾಗಿ, ಮುಂದೆ ಹೋಗುತ್ತ ಹೋಗುತ್ತ ಬೂದಿಗೆ ಬಂದು, ಮತ್ತೆ ನೇರಳೆಯಾಗುತ್ತದೆ. ಅವರು ಎಲ್ಲಿ ನಾಲಿಗೆಗೆ ತಾಗಿಸಿದರು ಎಂದು ಎಣಿಸಬಹುದು. ಇದು ತಮಾಷೆಗೆ ಹೇಳಿದ್ದಲ್ಲ. ಆ ಏರಿಳಿತಕ್ಕೆ ಹೊಂದುವ ನೇರಳೆ ಬರಹದ್ದು. ಏರಿಳಿತಕ್ಕೆ ಹೊಂದದೆ ಎರಡು ಮೂರು ಸಾಲಿನ ಮೇಲೆ ಒಟ್ಟಿಗೆ ಹಬ್ಬಿದ ನೇರಳೆ, ಆಮೇಲೆ ಬಿದ್ದ ನೀರಿನದೋ ಬೆವರಿನ ಕೈಯದೋ ಕೆಲಸ. ಅಂಥಲ್ಲಿ ಬಣ್ಣವನ್ನು ಮರೆತು ತಗ್ಗನ್ನು ಹುಡುಕಬೇಕು. ಮತ್ತೊಂದು ಮಾತು, ಇಂಥ ಹಾಳೆಯನ್ನು ಒದ್ದೆ ಅರಿವೆಯಿಂದ ಒರೆಸಲು ಹೋಗಬೇಡಿ. ಒರೆಸಿದಷ್ಟೂ ಬರಹವೇ ಹೊಸ ಕಲೆಯಾಗಿ ಹಬ್ಬುತ್ತದೆ.

ಕನ್ನಡದಲ್ಲಿ ಈ ತೊಂದರೆ ಯಾಕೆ ಇಷ್ಟು ದೊಡ್ಡದು ಎಂದರೆ, ನಮ್ಮ ಲಿಪಿಯಲ್ಲಿ ಚುಕ್ಕೆಯಷ್ಟು ಗುರುತು ಅರ್ಥವನ್ನೇ ತಿರುಗಿಸುತ್ತದೆ. ರ ಅಕ್ಷರದ ಹೊಟ್ಟೆಯಲ್ಲಿ ಒಂದು ಚುಕ್ಕೆ ಬಿದ್ದರೆ ಠ. ಮರ ಹೋಗಿ ಮಠವಾಯಿತು. ದ ಕೆಳಗೆ ಒಂದು ಸೀಳು ಬಿದ್ದರೆ ಧ, ಬ ಕೆಳಗೆ ಬಿದ್ದರೆ ಭ. ಇನ್ನು ಸೊನ್ನೆ. ಅಚ್ಚಿನಲ್ಲಿ ಅದು ಪೊಳ್ಳಾದ ಉಂಗುರ, ಅವಸರದ ಕೈಯಲ್ಲಿ ಅದು ತುಂಬಿದ ಚುಕ್ಕೆ. ಶಾಯಿ ಹೆಚ್ಚಿದ್ದರೆ ಉಂಗುರವಾಗಿ ಬರೆದದ್ದೂ ತುಂಬಿಕೊಳ್ಳುತ್ತದೆ. ನೊಣ ಕೂತು ಬಿಟ್ಟ ಹಿಕ್ಕೆಯೂ ಅಷ್ಟೇ ಗಾತ್ರದ ಕಪ್ಪು ಚುಕ್ಕೆ. ಅದಕ್ಕೇ ಭೂತಗನ್ನಡಿ ಬೇಕು. ಹಿಕ್ಕೆ ಕಾಗದದ ಮೇಲೆ ಉಬ್ಬಿ ಕೂತಿರುತ್ತದೆ, ಓರೆ ಬೆಳಕಿಗೆ ಹೊಳೆಯುತ್ತದೆ, ಸಾಲಿನ ನೇರಕ್ಕೆ ಇರಬೇಕೆಂಬ ಹಂಗು ಅದಕ್ಕಿಲ್ಲ. ಹುಳ ಕೊರೆದ ತೂತು ಇನ್ನೊಂದು ಮೋಸ. ಝೆರಾಕ್ಸ್ ತೆಗೆದಾಗ, ಫೋಟೋ ಹೊಡೆದಾಗ ಕೆಳಗಿನ ಕಪ್ಪು ತೂತಿನಿಂದ ಕಂಡು ಚುಕ್ಕೆಯಾಗಿ ಬೀಳುತ್ತದೆ. ಹಾಳೆಯ ಕೆಳಗೆ ಒಂದು ಬಿಳಿ ಕಾಗದ ಇಟ್ಟರೆ ಈ ಚುಕ್ಕೆಗಳೆಲ್ಲ ಮಾಯವಾಗುತ್ತವೆ. ಕಪ್ಪುಬಿಳುಪಿನ ಝೆರಾಕ್ಸ್ ನೋಡಿಕೊಂಡು ಹಳೆಯ ಬರಹದ ಬಗ್ಗೆ ವಾದ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ಯಂತ್ರ ತಿಳಿಯಾದದ್ದನ್ನು ಬಿಳಿ ಮಾಡುತ್ತದೆ, ಸ್ವಲ್ಪ ದಟ್ಟವಾದದ್ದನ್ನು ಕಪ್ಪು ಮಾಡುತ್ತದೆ. ನಾವು ತೀರ್ಮಾನಿಸಬೇಕಾದದ್ದನ್ನು ಅದೇ ತೀರ್ಮಾನಿಸಿಬಿಡುತ್ತದೆ. ಬಣ್ಣದ ಫೋಟೋ ಇರಲಿ, ಅದಕ್ಕಿಂತ ಮೂಲ ಹಾಳೆ ಇರಲಿ.

ಈಗ ಆ ಸಾಲಿಗೆ ಬರುತ್ತೇನೆ.

ವಹಿ ರೂಪಾಯಿ, ಆಣೆ, ಪೈ ಲೆಕ್ಕದ್ದು. ನಯೇ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆದ್ದರಿಂದ ಇದು ಅದಕ್ಕೂ ಹಿಂದಿನದು ಎಂದು ಹಿಡಿಯಬಹುದು. ದಿನದಿನದ ಜಮಾ ಪೆನ್ಸಿಲಿನಲ್ಲಿದೆ, ತಿಂಗಳ ಕೊನೆಗೆ ಅದನ್ನೇ ಶಾಯಿಯಿಂದ, ಟಾಕಿನಲ್ಲಿ, ಬೇರೆ ಪುಟಕ್ಕೆ ಇಳಿಸಿದ್ದಾರೆ. ನಮ್ಮ ಸಾಲು ಶಾಯಿಯ ಪುಟದಲ್ಲಿದೆ. ಆ ತಿಂಗಳ ಪೆನ್ಸಿಲ್ ಹಾಳೆ ಉಳಿದಿಲ್ಲ. ಸಾಲಿನಲ್ಲಿ ಹೆಸರು ಬಸ ಎಂದು ಶುರುವಾಗುತ್ತದೆ, ಕೊನೆಯ ಅಕ್ಷರದ ಮೇಲೆ ಒದ್ದೆ ಶಾಯಿ ಬಲಕ್ಕೆ ಸವರಿದೆ. ಬಸಪ್ಪನೋ ಬಸವ್ವನೋ ತಿಳಿಯದು. ಆಮೇಲೆ ಮನೆತನದ ಹೆಸರು, ಅಲ್ಲೊಂದು ಕಂದು ಚುಕ್ಕೆ. ಅಂಗಡಿಯೋ ಅಗಡಿಯೋ ತಿಳಿಯದು. ಕೊನೆಗೆ ರೂಪಾಯಿಯ ಮನೆಯಲ್ಲಿ ೫, ಅದರ ಪಕ್ಕ ದುಂಡಗಿನ ಕಪ್ಪು. ಐದೋ ಐವತ್ತೋ ತಿಳಿಯದು. ಸಾಲದ್ದಕ್ಕೆ ಹೆಸರಿನ ಮೇಲೆ ಹಾಯ್ದ ಆ ಕಪ್ಪು ಪಟ್ಟಿಯನ್ನು ನೋಡಿ, ಇದು ಹೊಡೆದುಹಾಕಿದ ಸಾಲು, ಹೇಳಿದ ಕಾಣಿಕೆ ಕೊಡಲೇ ಇಲ್ಲ ಎಂದೂ ಒಬ್ಬರು ಹೇಳಿದರು. ಕೊಡಲಿಲ್ಲ ಎನ್ನುವ ಮಾತು ಒಂದು ಮನೆತನಕ್ಕೆ ಎಷ್ಟು ಭಾರದ್ದು ಎಂದು ನಾನು ಹೇಳಬೇಕಾಗಿಲ್ಲ.

ಮೊದಲು ಹೊಡೆದುಹಾಕಿದ ಪ್ರಶ್ನೆ. ಸವರಿದ ಕಲೆಗೆ ಶಾಯಿ ಎಲ್ಲಿಂದಲೋ ಬರಬೇಕು. ಬೆರಳಿನಲ್ಲಿ ಶಾಯಿ ಇರುವುದಿಲ್ಲ, ಅದು ಒದ್ದೆ ಅಕ್ಷರದಿಂದ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಸವರಿದ ಕಲೆ ಅಕ್ಷರದಲ್ಲಿಯೇ ಹುಟ್ಟುತ್ತದೆ, ದೂರ ಹೋದಂತೆ ತೆಳ್ಳಗಾಗುತ್ತ ಮುಗಿಯುತ್ತದೆ. ಹೊಡೆದುಹಾಕುವ ಗೆರೆ ಹಾಗಲ್ಲ. ಬರೆಯುವವನು ಶಬ್ದದ ಹಿಂದಿನ ಖಾಲಿ ಜಾಗದಿಂದಲೇ ಟಾಕು ಎಳೆಯುತ್ತಾನೆ, ಶಬ್ದ ದಾಟಿ ಎತ್ತುತ್ತಾನೆ. ಜೊತೆಗೆ ಲೋಹದ ಟಾಕಿನ ಮೊನೆ ಸೀಳಿರುತ್ತದೆ. ಒತ್ತಿದಾಗ ಆ ಎರಡು ಹಲ್ಲು ಅಗಲಿ ಗೆರೆಯ ಎರಡೂ ಅಂಚಿಗೆ ದಟ್ಟವಾದ ಸಣ್ಣ ದಾರಿ ಬಿಡುತ್ತವೆ. ಭೂತಗನ್ನಡಿಯಲ್ಲಿ ಅದು ಚಕ್ಕಡಿ ಗಾಲಿಯ ಜಾಡಿನಂತೆ ಕಾಣುತ್ತದೆ. ನಮ್ಮ ಸಾಲಿನ ಕಪ್ಪು ಪಟ್ಟಿಗೆ ಜಾಡಿಲ್ಲ. ಅದು ಬಸ ಎಂಬುದರ ಹಿಂದಿನಿಂದ ಶುರುವಾಗಿಲ್ಲ, ಕೊನೆಯ ಅಕ್ಷರದಿಂದ ಹುಟ್ಟಿ ಬಲಕ್ಕೆ ಎರಡು ಬೆರಳಗಲ ಹೋಗಿ ಕರಗಿದೆ. ಅದೇ ವಹಿಯಲ್ಲಿ ಬೇರೆ ಕಡೆ ನಿಜವಾಗಿ ಹೊಡೆದುಹಾಕಿದ ಸಾಲುಗಳೂ ಇವೆ, ಅವುಗಳಿಗೆ ಎರಡು ಗೆರೆ ಎಳೆದಿದ್ದಾರೆ, ಜಾಡು ಸ್ವಚ್ಛವಾಗಿದೆ. ಇಲ್ಲಿ ಹೊಡೆದುಹಾಕಿಲ್ಲ.

ಮೊತ್ತದ ಪ್ರಶ್ನೆಗೆ ಕಣ್ಣಿಗಿಂತ ಲೆಕ್ಕ ದೊಡ್ಡ ಸಾಕ್ಷಿ. ಆ ಪುಟದಲ್ಲಿ ಹತ್ತು ಸಾಲುಗಳಿವೆ. ಉಳಿದ ಒಂಬತ್ತು ಸ್ಪಷ್ಟವಾಗಿವೆ, ಅವುಗಳ ಒಟ್ಟು ೯ ರೂಪಾಯಿ ೬ ಆಣೆ. ಪುಟದ ಕೆಳಗೆ ಬರೆದ ಜಮಾ ೧೪ ರೂಪಾಯಿ ೬ ಆಣೆ. ಮುಂದಿನ ಪುಟದ ತಲೆಗೆ ಹಿಂದಿನ ಪುಟದಿಂದ ಎಂದು ಬರೆದು ಇದೇ ೧೪ ರೂಪಾಯಿ ೬ ಆಣೆಯನ್ನು ತಂದಿದ್ದಾರೆ. ತಿಂಗಳ ಕೊನೆಯ ಶಿಲ್ಕಿಗೂ ಅದು ಹೊಂದುತ್ತದೆ. ಹಾಗಾದರೆ ನಮ್ಮ ಸಾಲಿಗೆ ಉಳಿಯುವುದು ೫ ರೂಪಾಯಿ. ಐವತ್ತಾಗಿದ್ದರೆ ಒಟ್ಟು ೫೯ ದಾಟಬೇಕಿತ್ತು. ಸಾಲು ರದ್ದಾಗಿದ್ದರೆ ೯ಕ್ಕೇ ನಿಲ್ಲಬೇಕಿತ್ತು. ಕೂಡಿಸಿದ ಮೇಲೆ ರದ್ದು ಮಾಡಿರಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೇ ಜಾಡಿನ ಮಾತು ಮೊದಲು ಹೇಳಿದೆ. ಹಾಗೆ ಮಾಡಿದ್ದರೆ ಶಿಲ್ಕನ್ನೂ ತಿದ್ದಬೇಕಿತ್ತು, ತಿದ್ದಿಲ್ಲ.

ಹಾಗಾದರೆ ೫ರ ಪಕ್ಕದ ದುಂಡಗಿನ ಕಪ್ಪು ಎಲ್ಲಿಂದ ಬಂತು? ಎದುರಿನ ಪುಟದಿಂದ. ಶಾಯಿ ಒಣಗುವ ಮೊದಲು, ಬ್ಲಾಟಿಂಗ್ ಕಾಗದ ಒತ್ತದೆ, ವಹಿ ಮುಚ್ಚಿದರೆ ಒಂದು ಪುಟದ ಒದ್ದೆ ಶಾಯಿ ಎದುರಿನ ಪುಟಕ್ಕೆ ತಾಗುತ್ತದೆ. ಅದು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬೀಳುತ್ತದೆ, ನಡುವಿನ ಹೊಲಿಗೆಯಿಂದ ಅಷ್ಟೇ ದೂರದಲ್ಲಿ ಬೀಳುತ್ತದೆ. ಸ್ಕೇಲಿನಿಂದ ಅಳೆದೆವು. ಹೊಲಿಗೆಯಿಂದ ಅಷ್ಟೇ ಅಂತರದಲ್ಲಿ, ಅದೇ ಎತ್ತರದಲ್ಲಿ, ಎದುರು ಪುಟದಲ್ಲಿ ಒಂದು ದೊಡ್ಡ ಶಾಯಿಯ ಹನಿ ಬಿದ್ದಿದೆ. ನಮ್ಮ ಕಪ್ಪು ಆ ಹನಿಯ ಅಚ್ಚು.

ಈ ಅಚ್ಚು ನಮಗೆ ತೊಂದರೆಯನ್ನಷ್ಟೇ ಕೊಡಲಿಲ್ಲ, ಉಪಕಾರವನ್ನೂ ಮಾಡಿತು. ನಮ್ಮ ಸಾಲಿನ ಹೆಸರೂ ಹಾಗೇ ಎದುರು ಪುಟಕ್ಕೆ ತಾಗಿತ್ತು, ತೀರ ತೆಳ್ಳಗೆ. ಅದರ ಮಾತಿಗೆ ಬರುವ ಮೊದಲು ಮೂಲವನ್ನೇ ನೋಡೋಣ. ವ ಬಾಯಿ ಮುಚ್ಚಿದ ಅಕ್ಷರ, ಪ ಮೇಲೆ ಬಾಯಿ ತೆರೆದ ಅಕ್ಷರ. ವ ಎಂಬುದರ ತಲೆಕಟ್ಟು ಮುಚ್ಚಿದ ಹೊಟ್ಟೆಯ ಮೇಲೆ ಕೂತಿರುತ್ತದೆ, ಪ ಎಂಬುದರ ತಲೆಕಟ್ಟು ಬಲತುದಿಗೆ ಸರಿದಿರುತ್ತದೆ. ಒದ್ದೆ ಶಾಯಿ ಸವರಿದಾಗ ಮೇಲ್ಪದರ ಮಾತ್ರ ಎಳೆದುಹೋಗುತ್ತದೆ. ಟಾಕು ಓಡಿದ ದಾರಿಯಲ್ಲಿ ಆಗಲೇ ಒಂದಿಷ್ಟು ಶಾಯಿ ಕಾಗದದ ನಾರಿಗೆ ಇಳಿದಿರುತ್ತದೆ. ಅದಕ್ಕಾಗಿ ಹಾಳೆಯ ಹಿಂದಿನಿಂದ ಬೆಳಕು ಹಿಡಿಯಬೇಕು. ಸವರಿದ ತೆಳು ಪದರದ ಒಳಗೆ ಮೂಲ ಗೆರೆ ಇನ್ನೂ ಕಪ್ಪಾಗಿ ನಿಲ್ಲುತ್ತದೆ. ಹಿಡಿದಾಗ ಒಂದು ಮುಚ್ಚಿದ ಹೊಟ್ಟೆ ಕಂಡಿತು. ಆದರೆ ತುಂಬಿಕೊಂಡ ಪ ಕೂಡ ಮುಚ್ಚಿದಂತೆ ಕಾಣಬಹುದು. ಅಷ್ಟಕ್ಕೇ ತೀರ್ಮಾನಿಸಲಿಲ್ಲ.

ಇಲ್ಲಿ ನಮ್ಮ ಲಿಪಿಯೇ ಎರಡನೆಯ ಸಾಕ್ಷಿ ಕೊಡುತ್ತದೆ. ಅಪ್ಪ, ಅವ್ವ ಎಂಬಲ್ಲಿ ಅದೇ ವ್ಯಂಜನ ಎರಡು ಸಲ ಬರುತ್ತದೆ, ಮೇಲೆ ಅಕ್ಷರವಾಗಿ, ಕೆಳಗೆ ಒತ್ತಾಗಿ. ಬೆರಳು ಸಾಲಿನ ಮೇಲೆ ಹಾಯ್ದರೂ ಕೆಳಗೆ ಇಳಿದ ಒತ್ತು ಎಷ್ಟೋ ಸಲ ಉಳಿದುಕೊಳ್ಳುತ್ತದೆ. ಮೂಲದಲ್ಲಿ ಒತ್ತಿನ ಬಲ ಅರ್ಧ ಸವರಿದೆ. ಎದುರು ಪುಟದ ಅಚ್ಚನ್ನು ಫೋಟೋ ತೆಗೆದು ಮೊಬೈಲಿನಲ್ಲೇ ಎಡಬಲ ತಿರುಗಿಸಿ ನೋಡಿದಾಗ ಒತ್ತು ಪೂರ್ತಿ ಸಿಕ್ಕಿತು. ಅದನ್ನು ಅಚ್ಚಿನ ಪುಸ್ತಕದ ಒತ್ತಿಗೆ ಹೋಲಿಸಲಿಲ್ಲ. ಇದೇ ಕೈ ಬರೆದ ಬೇರೆ ಅವ್ವಂದಿರ, ಅಪ್ಪಂದಿರ ಹೆಸರುಗಳಿಗೆ, ಅದೇ ವಹಿಯ ಹಿಂದುಮುಂದಿನ ಪುಟಗಳಿಂದ ಹನ್ನೆರಡು ಹೆಸರು ಆಯ್ದು ಹೋಲಿಸಿದೆವು. ಈ ಬರೆಯುವವರು ಪ ಒತ್ತಿನ ಬಾಲವನ್ನು ಮೇಲಕ್ಕೆ ಎತ್ತಿ ಬಿಡುತ್ತಾರೆ, ವ ಒತ್ತನ್ನು ಕೆಳಗೇ ಸುತ್ತಿ ನಿಲ್ಲಿಸುತ್ತಾರೆ. ನಮ್ಮ ಸಾಲಿನದು ಸುತ್ತಿ ನಿಂತದ್ದು. ಬಸವ್ವ.

ಇದು ಕೆಲವರಿಗೆ ಸೇರಲಿಲ್ಲ. ಆ ಕಾಲದಲ್ಲಿ ಹೆಣ್ಣುಮಗಳು ತನ್ನ ಹೆಸರಿನಲ್ಲಿ ಐದು ರೂಪಾಯಿ ಬರೆಸಿದ್ದಾಳೆಯೇ ಎಂದು ಕೇಳಿದರು. ಉಳಿದ ಒಂಬತ್ತು ಜನರ ಕಾಣಿಕೆ ಎಲ್ಲ ಕೂಡಿ ಒಂಬತ್ತು ರೂಪಾಯಿ ಚಿಲ್ಲರೆ, ಈಕೆಯೊಬ್ಬಳದೇ ಐದು. ಆ ಕೇಳಿಕೆಗೆ ನನ್ನ ಉತ್ತರ ಇಷ್ಟೇ: ಹೀಗಿರಬೇಕು, ಹೀಗಿರಲಾರದು ಎಂಬ ನಮ್ಮ ಮನಸ್ಸಿನ ಲೆಕ್ಕವನ್ನು ಹಾಳೆಯ ಮೇಲೆ ಬರೆಯಲು ಬರುವುದಿಲ್ಲ. ವಚನ ಬಾಯಿಪಾಠ ಇರುವವರಿಗೆ ಹಳೆಯ ವಚನದ ಪ್ರತಿ ಓದಲು ಕೊಟ್ಟಾಗಲೂ ಇದೇ ಆಗುತ್ತದೆ. ಕಣ್ಣು ಹಾಳೆಯ ಮೇಲೆ ಇರುತ್ತದೆ, ಓದುವುದು ನೆನಪು. ಅಳಿಸಿದ ಜಾಗದಲ್ಲಿ ತಮಗೆ ಗೊತ್ತಿದ್ದ ಪಾಠವನ್ನೇ ಕಂಡು ಮುಂದೆ ಹೋಗುತ್ತಾರೆ, ಅಲ್ಲಿ ಬೇರೆ ಪಾಠ ಇದ್ದದ್ದು ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ನಾವು ಒಬ್ಬರನ್ನು ಪಕ್ಕಕ್ಕೆ ಕೂರಿಸಿ, ಶಬ್ದ ಹೇಳದೆ, ಒಂದೊಂದೇ ಅಕ್ಷರವನ್ನು ಕಾಗದದ ಕಿಂಡಿಯಿಂದ ತೋರಿಸಿ ಕೇಳುತ್ತಿದ್ದೆವು. ಮುಂದಿನ ಅಕ್ಷರ ಕಾಣದಿದ್ದರೆ ಊಹೆಗೆ ಕಾಲಿರುವುದಿಲ್ಲ. ಬಸವ್ವನ ಅಕ್ಷರವನ್ನೂ ಈ ಸಂಗತಿ ಗೊತ್ತಿಲ್ಲದ ಮೂವರಿಗೆ ಹಾಗೇ ತೋರಿಸಿದೆವು. ಮೂವರೂ ವ ಎಂದರು.

ಉಳಿದದ್ದು ಮನೆತನ. ಅಂಗಡಿಯವರೂ ನಮ್ಮ ಸೀಮೆಯಲ್ಲಿದ್ದಾರೆ, ಅಗಡಿಯವರೂ ಇದ್ದಾರೆ. ನಡುವೆ ಇರುವುದು ಒಂದು ಸೊನ್ನೆ. ಅ ಮತ್ತು ಗ ನಡುವೆ ಚುಕ್ಕೆ ಇದೆ, ಆದರೆ ಅದು ಕಂದು, ಶಾಯಿಯ ಕಪ್ಪಲ್ಲ. ಅದರ ಅಂಚು ನಡುವಿಗಿಂತ ದಟ್ಟವಾಗಿದೆ. ಚಹಾದ ಹನಿ ಒಣಗಿದಾಗ ಅಂಚಿಗೆ ಉಂಗುರ ಕಟ್ಟುತ್ತದಲ್ಲ, ಹಾಗೆ. ಹಾಳೆ ತಿರುವಿದರೆ ಹಿಂದೆಯೂ ಇದೆ, ಅದರ ಮುಂದಿನ ಎರಡು ಹಾಳೆಗಳಲ್ಲೂ ಅದೇ ಜಾಗಕ್ಕೆ ಸಣ್ಣದಾಗುತ್ತ ಹೋಗಿದೆ. ಅಕ್ಷರ ಒಂದು ಹಾಳೆಯದು, ಹೀಗೆ ಹಾಳೆ ದಾಟಿ ಹಾಳೆಗೆ ಅದೇ ಜಾಗದಲ್ಲಿ ಇಳಿಯುವುದು ತೇವದ ಕೆಲಸ. ಆದ್ದರಿಂದ ಕಾಣುವ ಆ ಚುಕ್ಕೆ ಕಲೆ. ಇಷ್ಟಕ್ಕೆ ಅಗಡಿ ಎಂದು ಓದಿಬಿಡಬಹುದೇ? ಆಗದು. ಕಲೆಯ ಕೆಳಗೆ ಸೊನ್ನೆ ಇದ್ದಿರಬಹುದಲ್ಲ. ಆ ಜಾಗದ ಕಾಗದದ ಮೇಲ್ಪದರ ತೇವಕ್ಕೆ ಎದ್ದುಹೋಗಿದೆ, ಹಿಂದಿನ ಬೆಳಕಿಗೂ ಏನೂ ಕಾಣಲಿಲ್ಲ. ಎದುರು ಪುಟದ ಅಚ್ಚಿನಲ್ಲೂ ಆ ಜಾಗ ಖಾಲಿ. ಅಷ್ಟು ತೆಳು ಅಚ್ಚಿನಲ್ಲಿ ಸೊನ್ನೆ ಬೀಳದಿದ್ದರೆ ಆಶ್ಚರ್ಯವೂ ಇಲ್ಲ.

ಕೊನೆಗೆ ಅಕ್ಷರಗಳ ನಡುವಿನ ಅಂತರ ಅಳೆದೆವು. ಈ ಬರೆಯುವವರು ಸೊನ್ನೆ ಇಲ್ಲದಲ್ಲಿ ಅಕ್ಷರಕ್ಕೆ ಅಕ್ಷರ ಹತ್ತಿಸಿ ಬರೆಯುತ್ತಾರೆ, ನಡುವೆ ಒಂದೂವರೆ ಮಿಲಿಮೀಟರ್ ಇರುತ್ತದೆ. ಸೊನ್ನೆ ಇದ್ದಲ್ಲಿ ನಾಲ್ಕು. ಇಲ್ಲಿ ಮೂರು ಇದೆ, ಎರಡಕ್ಕೂ ಹೊಂದುವುದಿಲ್ಲ. ಹೆಚ್ಚು ಕಡಿಮೆ ಅಂಗಡಿಯ ಕಡೆ ವಾಲುತ್ತದೆ ಎನ್ನಬಹುದು. ವಾಲಿದ್ದನ್ನು ಕಲ್ಲಿನಲ್ಲಿ ಕೆತ್ತಿಸಬೇಡಿ ಎಂದು ಸಮಿತಿಗೆ ಬರೆದುಕೊಟ್ಟೆ. ಒಬ್ಬ ಸದಸ್ಯರು, ಮಾಸಿದ ಅಕ್ಷರದ ಮೇಲೆ ಬಾಲ್ ಪೆನ್ನಿನಿಂದ ತಿದ್ದಿಬಿಟ್ಟರೆ ಮುಂದಿನವರಿಗೆ ಓದಲು ಅನುಕೂಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಹಾಗೆ ತಿದ್ದಿದ ಎಷ್ಟೋ ವಹಿಗಳನ್ನು ನಾನು ನೋಡಿದ್ದೇನೆ, ಅವುಗಳಲ್ಲಿ ಈಗ ಓದಲಿಕ್ಕೆ ಸಿಗುವುದು ತಿದ್ದಿದವರ ಊಹೆ ಮಾತ್ರ. ಸೆಲೋಟೇಪೂ ಬೇಡ. ಅದರ ಅಂಟು ಕೆಲವು ವರ್ಷಕ್ಕೆ ಕಂದಾಗಿ ಕಾಗದದೊಳಗೆ ಇಳಿದು ಹೊಸ ಕಲೆ ಮಾಡುತ್ತದೆ.

ಸಮಿತಿ ಒಪ್ಪಿದ್ದು ಹೀಗೆ. ಕಲ್ಲಿನ ಮೇಲೆ ಆ ಸಾಲಿಗೆ ಬಸವ್ವ, ೫ ರೂಪಾಯಿ ಎಂದಿಷ್ಟೇ ಕೆತ್ತಿಸಿದೆ. ಅಚ್ಚಾಗುವ ಪುಸ್ತಕದಲ್ಲಿ ಮನೆತನದ ಹೆಸರನ್ನು ಅ[ಂ]ಗಡಿ ಎಂದು ಕೊಡುತ್ತೇವೆ. ಕಂಸದೊಳಗಿನದು ಹಾಳೆಯಲ್ಲಿ ಖಚಿತವಾಗಿ ಕಾಣದ ಅಕ್ಷರ ಎಂದು ಪುಸ್ತಕದ ಮೊದಲಿಗೇ ತಿಳಿಸಿರುತ್ತೇವೆ, ಪಕ್ಕದಲ್ಲಿ ಆ ಸಾಲಿನ ಬಣ್ಣದ ಫೋಟೋ ಇರುತ್ತದೆ. ಎರಡೂ ಮನೆತನದವರಿಗೆ ಇದನ್ನು ತೋರಿಸಿ ಆಗಿದೆ. ಆ ತಿಂಗಳ ಪೆನ್ಸಿಲ್ ಹಾಳೆ ಯಾರದಾದರೂ ಮನೆಯ ಜಗಲಿಯ ಮೇಲೆ, ಹಳೆಯ ಟ್ರಂಕಿನಲ್ಲಿ ಸಿಕ್ಕರೆ, ಅದು ಎಷ್ಟೇ ಸವರಿಹೋಗಿದ್ದರೂ ಒರೆಸದೆ ಹಾಗೇ ಮಠಕ್ಕೆ ತಂದುಕೊಡಿ. ಪೆನ್ಸಿಲಿನ ಸೊನ್ನೆ ತಗ್ಗು ಬಿಟ್ಟಿರುತ್ತದೆ. ವಹಿ ಸದ್ಯ ಮಠದ ಕಪಾಟಿನಲ್ಲಿ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಇಟ್ಟಿದೆ, ನೋಡಬೇಕೆನ್ನುವವರು ಕೈ ತೊಳೆದು ಒಣಗಿಸಿಕೊಂಡು ಬರಬೇಕು.